ಮೂರು ಬಗೆಯ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇದೆ: ಅಮ್ಮನಿಗೆ ರಾತ್ರಿಯ ಮಾತ್ರೆ ಕೊಡಬಹುದೇ?

ಸಾಗರದ ಮಗಳು | ಬುಧವಾರ, ರಾತ್ರಿ 9:40

ನನ್ನ ತಾಯಿಗೆ 71 ವರ್ಷ, ತೂಕ 46 ಕಿಲೋ. ಭಾನುವಾರದಿಂದ ನೆಗಡಿ, ಮೈಕೈ ನೋವು ಮತ್ತು ಜ್ವರ ಇದೆ. ಭಾನುವಾರ ಮೆಡಿಕಲ್ ಶಾಪಿನಿಂದ ತಂದ ನೆಗಡಿಯ ಮಾತ್ರೆಯನ್ನು ದಿನಕ್ಕೆ ಮೂರರಂತೆ ಕೊಡುತ್ತಿದ್ದೇವೆ. ಸೋಮವಾರ ಸಂಜೆ ಕ್ಲಿನಿಕ್ಕಿಗೆ ಹೋದಾಗ ವೈದ್ಯರು ಜ್ವರಕ್ಕೆಂದು 650ರ ಬಿಳಿ ಮಾತ್ರೆಯನ್ನು ಮೂರು ಹೊತ್ತು ಬರೆದುಕೊಟ್ಟರು. ಇದಲ್ಲದೆ ಮಂಡಿ ನೋವಿಗೆ ಬೇರೊಬ್ಬ ವೈದ್ಯರು ಹಿಂದೆ ಬರೆದ ಮಾತ್ರೆ ಬೆಳಿಗ್ಗೆ ಮತ್ತು ರಾತ್ರಿ ಮೊದಲಿನಿಂದಲೂ ನಡೆಯುತ್ತಿದೆ. ನೆಗಡಿಯ ಮಾತ್ರೆಯ ವಿಷಯವನ್ನಾಗಲೀ ಮಂಡಿಯ ಮಾತ್ರೆಯ ವಿಷಯವನ್ನಾಗಲೀ ಕ್ಲಿನಿಕ್ಕಿನಲ್ಲಿ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಈಗ ರಾತ್ರಿಯ ಮಾತ್ರೆ ತೆಗೆಯುವಾಗ ಸುಮ್ಮನೆ ಸ್ಟ್ರಿಪ್‌ಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ಜ್ವರದ್ದರಲ್ಲಿ ಪ್ಯಾರಸಿಟಮಾಲ್ 650, ನೆಗಡಿಯದ್ದರಲ್ಲಿ ಬೇರೆ ಎರಡು ಔಷಧಿಗಳ ಜೊತೆಗೆ ಪ್ಯಾರಸಿಟಮಾಲ್ 500, ಮಂಡಿಯದ್ದರಲ್ಲಿ ಅಸೆಕ್ಲೋಫೆನಾಕ್ ಜೊತೆಗೆ ಪ್ಯಾರಸಿಟಮಾಲ್ 325 ಎಂದು ಬರೆದಿದೆ. ಹಾಗೆ ನೋಡಿದರೆ ಮೂರನ್ನೂ ಹೇಳಿದ ಪ್ರಮಾಣದಲ್ಲೇ ಕೊಟ್ಟಿದ್ದೇವೆ. ನಿನ್ನೆ ರಾತ್ರಿ ಎರಡು ಗಂಟೆಗೆ ಅಮ್ಮ ಚಳಿಯಿಂದ ನಡುಗಿದಾಗ ಅಪ್ಪ ಇನ್ನೊಂದು 650 ಕೊಟ್ಟರಂತೆ. ಈಗ ಜ್ವರ 101 ಇದೆ. ರಾತ್ರಿಯ ಮೂರೂ ಮಾತ್ರೆಗಳನ್ನು ಕೊಡಲೇ, ಅಥವಾ ಒಂದನ್ನು ಬಿಡಲೇ?

ಲೆಕ್ಕದ ಮೇಷ್ಟ್ರು | ಬುಧವಾರ, ರಾತ್ರಿ 9:52

ಗಾಬರಿಯಾಗಬೇಡಿ ಅಮ್ಮ. ದೊಡ್ಡವರಿಗೆ ದಿನಕ್ಕೆ ಗರಿಷ್ಠ 4000 ಮಿಲಿಗ್ರಾಂ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. 650ರ ಮಾತ್ರೆ ಆರು ತೆಗೆದುಕೊಂಡರೂ 3900 ಆಗುತ್ತದೆ, ಮಿತಿಯ ಒಳಗೇ ಇರುತ್ತದೆ. ನಾನು ಕೋವಿಡ್ ಬಂದಾಗಿನಿಂದ ಒಂದು ನೋಟ್‌ಬುಕ್ಕಿನಲ್ಲಿ ರಾತ್ರಿ ಹನ್ನೆರಡರಿಂದ ಮರುದಿನ ರಾತ್ರಿ ಹನ್ನೆರಡರವರೆಗೆ ಬರೆದು ಕೂಡುತ್ತೇನೆ, ಎಂದೂ ತಪ್ಪಿಲ್ಲ. ನೀವು ಇಂದು ಎರಡು ಬಾರಿ ಮಾತ್ರ 650 ಕೊಟ್ಟಿದ್ದರೆ ರಾತ್ರಿಯದ್ದನ್ನು ಧಾರಾಳವಾಗಿ ಕೊಡಬಹುದು.

ಮದ್ದಿನಂಗಡಿ | ಬುಧವಾರ, ರಾತ್ರಿ 10:05

ಮೇಡಂ, ಈಗ ಏನನ್ನೂ ಕೊಡಬೇಡಿ. ಮೇಷ್ಟ್ರ ಕೂಡುವಿಕೆ ಸರಿ, ಆದರೆ ಅವರು ಜ್ವರದ ಮಾತ್ರೆಯನ್ನು ಮಾತ್ರ ಕೂಡಿದ್ದಾರೆ. ನಾನು ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿರುವವನು. ನೀವು ಹೇಳಿದ ಮಾತ್ರೆಗಳನ್ನು ಇಟ್ಟುಕೊಂಡು ಈ ಕ್ಷಣದಿಂದ ಹಿಂದಕ್ಕೆ 24 ಗಂಟೆಯನ್ನು ಎಣಿಸಿದ್ದೇನೆ. ನೀವು ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ ಕೊಡುತ್ತೀರಿ ಎಂದು ಭಾವಿಸಿದ್ದೇನೆ, ತಪ್ಪಿದ್ದರೆ ತಿದ್ದಿ.

ನಿನ್ನೆ ರಾತ್ರಿ ಹತ್ತಕ್ಕೆ ಮೂರೂ ಮಾತ್ರೆಗಳು ಹೋಗಿವೆ: 650, 500, 325, ಸೇರಿ 1475. ಬೆಳಗಿನ ಜಾವ ಎರಡಕ್ಕೆ ನಿಮ್ಮ ತಂದೆಯವರು ಕೊಟ್ಟ 650. ಬೆಳಿಗ್ಗೆ ಎಂಟಕ್ಕೆ ಮತ್ತೆ ಮೂರೂ, ಅಂದರೆ 1475. ಮಧ್ಯಾಹ್ನ ಜ್ವರದ್ದು ಮತ್ತು ನೆಗಡಿಯದ್ದು, 1150. ಒಟ್ಟು 4750 ಮಿಲಿಗ್ರಾಂ. ತಂದೆಯವರು ಕೊಟ್ಟ ಆ ಒಂದು ಮಾತ್ರೆಯನ್ನು ಬಿಟ್ಟರೂ 4100 ಆಗುತ್ತದೆ. ಅಂದರೆ ಯಾರೂ ಒಂದು ಮಾತ್ರೆಯನ್ನೂ ಹೆಚ್ಚಿಗೆ ಕೊಡದೆ, ಮೂರಕ್ಕೂ ಹೇಳಿದ ಪ್ರಮಾಣವನ್ನು ಅಕ್ಷರಶಃ ಪಾಲಿಸಿದ್ದರೂ ಮಿತಿ ದಾಟುತ್ತಿತ್ತು. ಒಂದೊಂದು ಮಾತ್ರೆಯನ್ನೂ ಬಿಡಿಯಾಗಿ ನೋಡಿದರೆ ಅದರದರ ಪ್ರಮಾಣ ಸರಿಯಾಗಿಯೇ ಇದೆ. ಹಾಗಾಗಿ ಇದು ಮನೆಯವರ ಕಣ್ಣಿಗೂ ಬೀಳುವುದಿಲ್ಲ, ಒಂದೇ ಚೀಟಿಯನ್ನು ನೋಡುವ ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಮಾತು. 4000 ಎಂಬುದು ಗಟ್ಟಿಮುಟ್ಟಾದ, ಊಟ ಮಾಡುತ್ತಿರುವ ವಯಸ್ಕರಿಗೆ ಹೇಳಿದ ಮಿತಿ. ನಿಮ್ಮ ತಾಯಿಯವರ ತೂಕ 46 ಕಿಲೋ, ಅಂದರೆ 4750ನ್ನು ಭಾಗಿಸಿದರೆ ಕಿಲೋಗೆ 103 ಮಿಲಿಗ್ರಾಂ ಆಗುತ್ತದೆ. ಒಂದು ದಿನದಲ್ಲಿ ಕಿಲೋಗೆ 75 ಮಿಲಿಗ್ರಾಂ ದಾಟಿದ್ದರೆ ಮನೆಯಲ್ಲಿ ಕಾದು ನೋಡದೆ ಪರೀಕ್ಷೆ ಮಾಡಿಸಬೇಕು. ನಿಮ್ಮಲ್ಲಿ ಮಂಗಳವಾರದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇರಬೇಕು. ಆದ್ದರಿಂದ ನಾಳೆಯವರೆಗೆ ಕಾಯದೆ ಇಂದು ರಾತ್ರಿಯೇ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮೂರೂ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಕೈಯಲ್ಲಿ ಹಿಡಿದುಕೊಂಡು ಹೋಗಿ. ಯಾವ ವೇಳೆಗೆ ಯಾವುದನ್ನು ಕೊಟ್ಟಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಸಾಗರದ ಮಗಳು | ಬುಧವಾರ, ರಾತ್ರಿ 10:14

ವೇಳೆಗಳು ಸರಿಯಾಗಿವೆ. ಆದರೆ ಅಮ್ಮ ಮಾತನಾಡುತ್ತಿದ್ದಾರೆ, ಕಣ್ಣು ಹಳದಿಯಾಗಿಲ್ಲ, ಹೊಟ್ಟೆ ನೋವಿಲ್ಲ. ಎರಡು ದಿನದಿಂದ ಊಟ ಸೇರುತ್ತಿಲ್ಲ, ಗಂಜಿ ಕುಡಿದರೆ ವಾಕರಿಕೆ ಎನ್ನುತ್ತಾರೆ. ಅದು ಜ್ವರಕ್ಕೆ ಇರಬಹುದಲ್ಲವೇ? ಈ ಹೊತ್ತಿನಲ್ಲಿ ಆಸ್ಪತ್ರೆಗೆ ಹೋದರೆ ಸುಮ್ಮನೆ ಬಂದಿರಿ ಎಂದಾರೇನೋ ಎಂಬ ಹಿಂಜರಿಕೆಯೂ ಇದೆ.

ರಾತ್ರಿ ಪಾಳಿ | ಬುಧವಾರ, ರಾತ್ರಿ 10:21

ಹಿಂಜರಿಯಬೇಡಿ, ಹೊರಡಿ. ನಾನು ಮೂವತ್ತು ವರ್ಷ ವಾರ್ಡಿನಲ್ಲಿ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಮೊದಲ ದಿನ ಏನೂ ಕಾಣಿಸದಿರುವುದೇ ಪ್ಯಾರಸಿಟಮಾಲ್ ಹೆಚ್ಚಾದವರ ಲಕ್ಷಣ. ಕಂಡರೂ ವಾಕರಿಕೆ, ಊಟ ಬೇಡವೆನ್ನುವುದು, ಸುಸ್ತು ಇಷ್ಟೇ, ಇವನ್ನೆಲ್ಲ ಮನೆಯವರು ಜ್ವರದ ತಲೆಗೆ ಕಟ್ಟುತ್ತಾರೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುವುದು ಸಾಮಾನ್ಯವಾಗಿ ಎರಡನೆಯ ಮೂರನೆಯ ದಿನ, ಕಣ್ಣು ಹಳದಿಯಾಗುವುದು ಮತ್ತು ಮಾತು ತಡವರಿಸುವುದು ಅದರ ನಂತರ. ಹಳದಿ ಕಾಣಲಿ ಎಂದು ಕಾಯುವುದೆಂದರೆ ಔಷಧಿ ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನು ಕಳೆದುಕೊಳ್ಳುವುದು.

ಊಟ ಬಿಟ್ಟಿದ್ದಾರೆ ಎಂದು ನೀವು ಬರೆದ ಒಂದು ವಾಕ್ಯ ನನಗೆ ಹೆಚ್ಚು ಚಿಂತೆ ತಂದಿತು. ನುಂಗಿದ ಪ್ಯಾರಸಿಟಮಾಲಿನ ಬಹುಪಾಲನ್ನು ಯಕೃತ್ತು ನಿರಪಾಯವಾಗಿ ಹೊರಗೆ ಕಳಿಸುತ್ತದೆ, ಆದರೆ ಒಂದು ಸಣ್ಣ ಪಾಲು ವಿಷಕಾರಿ ವಸ್ತುವಾಗಿ ಬದಲಾಗುತ್ತದೆ. ಅದನ್ನು ತಟಸ್ಥಗೊಳಿಸುವ ಗ್ಲುಟಾಥಯೋನ್ ಎಂಬ ಪದಾರ್ಥ ಯಕೃತ್ತಿನಲ್ಲಿ ಸಂಗ್ರಹವಿರುತ್ತದೆ. ದಿನಗಟ್ಟಲೆ ಊಟವಿಲ್ಲದವರಲ್ಲಿ, ಮೊದಲೇ ಸೊರಗಿದವರಲ್ಲಿ, ನಿತ್ಯ ಕುಡಿಯುವವರಲ್ಲಿ ಆ ಸಂಗ್ರಹ ಕಡಿಮೆಯಾಗಿರುತ್ತದೆ. ಹಾಗಾಗಿ ಒಂದೇ ಪ್ರಮಾಣ ಒಬ್ಬರಿಗೆ ಏನೂ ಮಾಡದೆ ಇನ್ನೊಬ್ಬರಿಗೆ ತೊಂದರೆ ಮಾಡಬಹುದು.

ಆಸ್ಪತ್ರೆಯಲ್ಲಿ "ಒಮ್ಮೆಲೇ ನುಂಗಿದ್ದಲ್ಲ, ಎರಡು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಹೋಗಿದೆ" ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಒಮ್ಮೆಲೇ ನುಂಗಿದವರಿಗೆ ರಕ್ತದಲ್ಲಿ ಪ್ಯಾರಸಿಟಮಾಲ್ ಎಷ್ಟಿದೆ ಎಂದು ಅಳೆದು ಒಂದು ನಕ್ಷೆಯ ಮೇಲೆ ಗೆರೆ ನೋಡಿ ಚಿಕಿತ್ಸೆ ನಿರ್ಧರಿಸುತ್ತಾರೆ. ಬಿಡಿಬಿಡಿಯಾಗಿ ಹೋದವರಿಗೆ ಆ ನಕ್ಷೆ ಅನ್ವಯಿಸುವುದಿಲ್ಲ. ರಕ್ತದ ಅಂಕಿ ಕಡಿಮೆ ಬಂದಿದ್ದನ್ನು ನೋಡಿ ಮನೆಗೆ ಕಳುಹಿಸುವ ಸಾಧ್ಯತೆ ಇರುವುದರಿಂದ ಈ ಮಾತು ಮುಖ್ಯ.

ಕಷಾಯಪ್ರಿಯ | ಬುಧವಾರ, ರಾತ್ರಿ 11:30

ನನ್ನ ಅಭಿಪ್ರಾಯದಲ್ಲಿ ನೆಗಡಿಗೆ ಇಷ್ಟೆಲ್ಲ ಮಾತ್ರೆಗಳ ಅಗತ್ಯವೇ ಇಲ್ಲ. ನಾನು ಶುಂಠಿ, ಕಾಳುಮೆಣಸು, ತುಳಸಿಯ ಕಷಾಯ ಕುಡಿಯುತ್ತೇನೆ. ತೀರಾ ಹೆಚ್ಚಾದರೆ ಮಗಳು ಲಂಡನ್ನಿನಿಂದ ತಂದ ನಿಂಬೆಯ ಪುಡಿಯನ್ನು ಬಿಸಿನೀರಿಗೆ ಹಾಕಿ ಮೂರು ನಾಲ್ಕು ಸಲ ಕುಡಿದು, ರಾತ್ರಿ ಒಂದು 650 ನುಂಗಿ ಬೆಚ್ಚಗೆ ಹೊದ್ದು ಮಲಗುತ್ತೇನೆ. ದಿನಕ್ಕೆ ಒಂದೇ ಮಾತ್ರೆಯಾದ್ದರಿಂದ ಲೆಕ್ಕದ ತಲೆನೋವೇ ಇಲ್ಲ.

ಮದ್ದಿನಂಗಡಿ | ಬುಧವಾರ, ರಾತ್ರಿ 11:48

ಸರ್, ಕಷಾಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ನಿಂಬೆಯ ಪುಡಿಯ ಪೊಟ್ಟಣದ ಹಿಂಬದಿಯನ್ನು ದಯವಿಟ್ಟು ಓದಿ. ಇಂಗ್ಲೆಂಡಿನಲ್ಲಿ ನೆಗಡಿಗೆ ಮಾರುವ ಇಂತಹ ಪುಡಿಗಳಲ್ಲಿ ಹಲವು ಪ್ಯಾರಸಿಟಮಾಲ್ ಇರುವಂಥವು, ಕೆಲವದರ ಒಂದೇ ಪೊಟ್ಟಣದಲ್ಲಿ 1000 ಮಿಲಿಗ್ರಾಂ ಇರುತ್ತದೆ.

ಕಷಾಯಪ್ರಿಯ | ಗುರುವಾರ, ಬೆಳಿಗ್ಗೆ 6:10

ಓದಿದೆ. 1000 ಎಂದೇ ಇದೆ. ಕಳೆದ ತಿಂಗಳು ನಾಲ್ಕು ಪೊಟ್ಟಣ ಕುಡಿದು ರಾತ್ರಿ 650 ನುಂಗಿದ ದಿನಗಳಿದ್ದವು, ಅಂದರೆ 4650. ನಾನು ಅದನ್ನು ಶರಬತ್ತಿನ ಸಾಲಿಗೆ ಸೇರಿಸಿದ್ದೆ. ಹೆಚ್ಚೇನೂ ಹೇಳಲು ತೋಚುತ್ತಿಲ್ಲ.

ಲೆಕ್ಕದ ಮೇಷ್ಟ್ರು | ಗುರುವಾರ, ಬೆಳಿಗ್ಗೆ 7:25

ನಾನು ಒಂದೇ ಮಾತ್ರೆಯನ್ನು ಎಣಿಸಿದ್ದು ತಪ್ಪೆಂದು ಒಪ್ಪುತ್ತೇನೆ. ಸಾಗರದವರಿಗೆ ನನ್ನ ಮಾತಿನಿಂದ ತೊಂದರೆಯಾಗದಿದ್ದರೆ ಸಾಕು. ಆದರೆ ರಾತ್ರಿ ಹನ್ನೆರಡರಿಂದ ಹನ್ನೆರಡಕ್ಕೆ ಎಣಿಸುವ ನನ್ನ ಕ್ರಮದಲ್ಲಿ ದೋಷವೇನಿದೆ ಎಂಬುದು ಅರ್ಥವಾಗಲಿಲ್ಲ. ಮದ್ದಿನಂಗಡಿಯವರು ಹಿಂದಕ್ಕೆ 24 ಗಂಟೆ ಎಣಿಸಿದರು, ನಾನು ಕ್ಯಾಲೆಂಡರಿನ ದಿನವನ್ನು ಎಣಿಸುತ್ತೇನೆ. ಎರಡೂ 24 ಗಂಟೆಯೇ ಅಲ್ಲವೇ? ಬೇಕಿದ್ದರೆ ನನ್ನ ಹಳೆಯ ನೋಟ್‌ಬುಕ್ಕಿನ ಎರಡು ದಿನಗಳನ್ನು ಕೊಡುತ್ತೇನೆ. ಮೊದಲ ದಿನ: ಮಧ್ಯಾಹ್ನ ಮೂರಕ್ಕೆ 650, ಸಂಜೆ ಏಳಕ್ಕೆ 650, ರಾತ್ರಿ ಹನ್ನೊಂದಕ್ಕೆ 650 ಮತ್ತು ಒಂದು ನೆಗಡಿಯ ಮಾತ್ರೆ. ಎರಡನೆಯ ದಿನ: ಬೆಳಗಿನ ಜಾವ ಮೂರಕ್ಕೆ, ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ ತಲಾ 650, ಆಮೇಲೆ ಜ್ವರ ಬಿಟ್ಟಿತು.

ಮದ್ದಿನಂಗಡಿ | ಗುರುವಾರ, ಬೆಳಿಗ್ಗೆ 8:40

ಮೇಷ್ಟ್ರೇ, ನಿಮ್ಮ ನೋಟ್‌ಬುಕ್ಕೇ ಉತ್ತರ ಹೇಳುತ್ತಿದೆ. ನೆಗಡಿಯ ಮಾತ್ರೆಯಲ್ಲಿ 500 ಇತ್ತೆಂದು ಇಟ್ಟುಕೊಳ್ಳೋಣ. ನಿಮ್ಮ ಕ್ರಮದಲ್ಲಿ ಮೊದಲ ದಿನದ ಮೊತ್ತ 2450, ಎರಡನೆಯ ದಿನದ್ದು 1950. ಎರಡೂ ಸಾಲುಗಳು 3000ಕ್ಕಿಂತ ಕೆಳಗಿವೆ, ನೋಡಿದವರಿಗೆ ನೆಮ್ಮದಿಯೆನಿಸುತ್ತದೆ. ಈಗ ಮೊದಲ ದಿನದ ಮಧ್ಯಾಹ್ನ ಮೂರರಿಂದ ಎರಡನೆಯ ದಿನದ ಬೆಳಿಗ್ಗೆ ಹನ್ನೊಂದರವರೆಗೆ ಕೂಡಿ. ಅದು ಇಪ್ಪತ್ತೇ ಗಂಟೆಯ ಅವಧಿ, ಮೊತ್ತ 4400. ರಾತ್ರಿ ಹನ್ನೆರಡಕ್ಕೆ ನೀವು ಹೊಸ ಪುಟ ತಿರುವಿದಿರಿ, ಆದರೆ ಹನ್ನೊಂದಕ್ಕೆ ನುಂಗಿದ 1150 ಮಿಲಿಗ್ರಾಂನ ಬಹುಪಾಲು ಆಗಿನ್ನೂ ದೇಹದಲ್ಲೇ ಇತ್ತು.

ಆದ್ದರಿಂದ ನಾನು ನಮ್ಮ ಅಂಗಡಿಗೆ ಬರುವವರಿಗೆ ಹೇಳುವ ಕ್ರಮವೇ ಬೇರೆ. ಪುಟಕ್ಕೆ ದಿನಾಂಕದ ಗೆರೆ ಎಳೆಯಬಾರದು. ಒಂದರ ಕೆಳಗೊಂದು ಸಾಲು ಮಾಡಿ, ಪ್ರತಿ ಸಾಲಿನಲ್ಲಿ ಮೂರು ವಿಷಯಗಳನ್ನು ಮಾತ್ರ ಬರೆಯಬೇಕು: ನುಂಗಿದ ವೇಳೆ, ಮಾತ್ರೆಯ ಹೆಸರು, ಅದರೊಳಗಿನ ಪ್ಯಾರಸಿಟಮಾಲ್ ಎಷ್ಟು ಮಿಲಿಗ್ರಾಂ. ಪ್ಯಾರಸಿಟಮಾಲ್ ಇಲ್ಲದ ಔಷಧಿಯಾದರೆ ಅಲ್ಲಿ ಸೊನ್ನೆ ಬರೆಯಬೇಕು, ಖಾಲಿ ಬಿಡಬಾರದು, ಏಕೆಂದರೆ ಖಾಲಿ ಬಿಟ್ಟದ್ದು ಇಲ್ಲವೆಂದೋ ನೋಡಿಲ್ಲವೆಂದೋ ಮರುದಿನ ಗೊತ್ತಾಗುವುದಿಲ್ಲ. ಮುಂದಿನ ಮಾತ್ರೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ನಿನ್ನೆಯ ಇದೇ ಗಂಟೆಯ ಸಾಲಿಗೆ ಬೆರಳಿಟ್ಟು, ಅಲ್ಲಿಂದ ಕೆಳಗಿರುವುದನ್ನೆಲ್ಲ ಕೂಡಿ, ಈಗ ಕೊಡಲಿರುವುದನ್ನೂ ಸೇರಿಸಬೇಕು. ಮೊತ್ತ ಮಿತಿ ದಾಟಿದರೆ ಆ ಮಾತ್ರೆ ಕಾಯಬೇಕು. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ ಇರಬೇಕೆಂಬ ನಿಯಮ ಬೇರೆಯೇ ಇದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ಒಮ್ಮೆಯೂ ಮುರಿದಿಲ್ಲ ಎಂಬುದನ್ನು ಗಮನಿಸಿ. ಅಂತರ ಪಾಲಿಸಿಯೂ ಮೊತ್ತ ದಾಟಬಹುದು.

ಎಡಿಸನ್‌ವಾಸಿ | ಗುರುವಾರ, ಬೆಳಿಗ್ಗೆ 9:15

ನಾನು ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಡಬ್ಬಿಗಳ ಮೇಲೆ ಪ್ಯಾರಸಿಟಮಾಲ್ ಎಂಬ ಹೆಸರೇ ಇರುವುದಿಲ್ಲ, ಅದೇ ಔಷಧಿಯನ್ನು ಇಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ವೈದ್ಯರ ಚೀಟಿಯಿಂದ ಬರುವ ಬಾಟಲಿಗಳ ಮೇಲೆ ಕೆಲವೊಮ್ಮೆ ಎಪಿಎಪಿ ಎಂದು ನಾಲ್ಕೇ ಅಕ್ಷರ ಇರುತ್ತದೆ.

ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ನಮ್ಮ ಮಾವನವರು ಸೂಟ್‌ಕೇಸಿನಲ್ಲಿ ಡೋಲೋ 650 ತಂದಿದ್ದರು. ನೆಗಡಿಯಾದಾಗ ನನ್ನ ಪತ್ನಿ ಅವರಿಗೆ ರಾತ್ರಿ ಕುಡಿಯುವ ನೈಕ್ವಿಲ್ ಸಿರಪ್ಪನ್ನು 30 ಮಿಲಿಲೀಟರ್ ಅಳೆದು ಕೊಟ್ಟಳು, ಅಷ್ಟರಲ್ಲಿ 650 ಮಿಲಿಗ್ರಾಂ ಇರುತ್ತದೆ. ಮೈಕೈ ನೋವೆಂದಾಗ ನಾನು ಟೈಲೆನಾಲ್ 500ರ ಎರಡು ಮಾತ್ರೆ ಕೊಟ್ಟೆ. ಅವರು ಮಲಗುವ ಮುನ್ನ ರೂಢಿಯಂತೆ ತಮ್ಮ ಡೋಲೋ ನುಂಗಿದರು. ಒಂದೇ ಸಂಜೆಯ ಎರಡು ಗಂಟೆಯೊಳಗೆ 2300 ಹೋಯಿತು. ಮೂರೂ ಬೇರೆಬೇರೆ ಹೆಸರು, ಬೇರೆಬೇರೆ ಬಣ್ಣ, ಕೊಟ್ಟವರೂ ಮೂವರು. ಮರುದಿನ ಬೆಳಿಗ್ಗೆ ಇಲ್ಲಿನ ವಿಷ ಮಾಹಿತಿ ಕೇಂದ್ರದ 1-800-222-1222ಕ್ಕೆ ಕರೆ ಮಾಡಿದೆ. ಅವರು ತೂಕ ಮತ್ತು ವೇಳೆಗಳನ್ನು ಕೇಳಿ, ಆ ದಿನ ಇನ್ನು ಯಾವುದನ್ನೂ ಕೊಡಬೇಡಿ ಎಂದು ಹೇಳಿ, ಸಂಜೆ ತಾವೇ ಮತ್ತೆ ಕರೆ ಮಾಡಿ ವಿಚಾರಿಸಿದರು.

ಅಂದಿನಿಂದ ಊರಿನಿಂದ ಬರುವವರ ಮಾತ್ರೆಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಅದರ ಮುಚ್ಚಳದ ಮೇಲೆ "ಡೋಲೋ ಮತ್ತು ಟೈಲೆನಾಲ್ ಒಂದೇ" ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ. ಮಾವನವರಿಗೆ ಅದು ಇಂದಿಗೂ ಪೂರ್ತಿ ನಂಬಿಕೆಯಾಗಿಲ್ಲ, ಅಮೆರಿಕದ್ದು ಸ್ವಲ್ಪ ಸೌಮ್ಯ ಎಂದೇ ಅವರ ವಾದ.

ಸಾಗರದ ಮಗಳು | ಗುರುವಾರ, ಸಂಜೆ 5:30

ಆಸ್ಪತ್ರೆಯಿಂದಲೇ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ತಲುಪಿದೆವು. ನೀವು ಹೇಳಿಕೊಟ್ಟ ವಾಕ್ಯವನ್ನೇ ಮೊದಲು ಹೇಳಿದೆ, ವೇಳೆ ಬರೆದ ಹಾಳೆಯನ್ನು ಕೊಟ್ಟೆ. ರಕ್ತದ ಪ್ಯಾರಸಿಟಮಾಲ್ ಪ್ರಮಾಣ ಅಳೆಯುವ ಸೌಲಭ್ಯ ಅಲ್ಲಿರಲಿಲ್ಲ. ಯಕೃತ್ತಿನ ಪರೀಕ್ಷೆಯಲ್ಲಿ ಎಎಲ್‌ಟಿ ಎಂಬ ಅಂಕಿ ಸಾಮಾನ್ಯ ಮಿತಿಯ ಎರಡು ಪಟ್ಟಿಗಿಂತ ತುಸು ಹೆಚ್ಚಿತ್ತು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿತ್ತು. ಡೆಂಗಿ ಪರೀಕ್ಷೆಯನ್ನೂ ಮಾಡಿದರು, ಇಲ್ಲವೆಂದು ಬಂತು. ಅಂಕಿ ಏರಿದ್ದು ಜ್ವರದ ವೈರಸ್ಸಿನಿಂದಲೋ ಮಾತ್ರೆಯಿಂದಲೋ ಖಚಿತವಾಗಿ ಹೇಳಲಾಗದು, ಆದರೆ ಲೆಕ್ಕ ಇಷ್ಟಿರುವಾಗ ಕಾಯುವುದಿಲ್ಲ ಎಂದು ವೈದ್ಯರು ಹೇಳಿ, ಅಸಿಟೈಲ್‌ಸಿಸ್ಟೀನ್ ಡ್ರಿಪ್ ಹಾಕಿದ್ದಾರೆ. ಒಟ್ಟು 21 ಗಂಟೆಯ ಡ್ರಿಪ್, ಇನ್ನೂ ಕೆಲವು ಗಂಟೆ ಉಳಿದಿದೆ. ಮಧ್ಯಾಹ್ನದ ರಕ್ತಪರೀಕ್ಷೆಯಲ್ಲಿ ಅಂಕಿ ಮುಂದಕ್ಕೆ ಏರಿಲ್ಲ. ಅಮ್ಮ ಒಂದು ಇಡ್ಲಿ ತಿಂದರು.

ಈಗ ಬೇರೆ ಪ್ರಶ್ನೆ. ಮನೆಗೆ ಹೋದ ಮೇಲೆ ಮತ್ತೆ ಜ್ವರ ಬಂದರೆ ಏನು ಕೊಡುವುದು? ಪ್ಯಾರಸಿಟಮಾಲ್ ಅಪಾಯವೆಂದಾದರೆ ಐಬುಪ್ರೊಫೆನ್ ಮಾತ್ರೆ ಇಟ್ಟುಕೊಳ್ಳಿ ಎಂದು ಪಕ್ಕದ ಹಾಸಿಗೆಯವರು ಹೇಳಿದರು.

ರಾತ್ರಿ ಪಾಳಿ | ಗುರುವಾರ, ಸಂಜೆ 6:05

ಅಮ್ಮ ಇಡ್ಲಿ ತಿಂದರೆಂಬುದು ಸಮಾಧಾನ. ಪಕ್ಕದ ಹಾಸಿಗೆಯವರ ಮಾತನ್ನು ಮಾತ್ರ ಕೇಳಬೇಡಿ. ನಮ್ಮ ಕಡೆ ಮಳೆಗಾಲದ ಜ್ವರ ಡೆಂಗಿಯಲ್ಲವೆಂದು ಗೊತ್ತಾಗುವವರೆಗೆ ಐಬುಪ್ರೊಫೆನ್ ಆಗಲೀ ಆಸ್ಪಿರಿನ್ ಆಗಲೀ ಕೊಡಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ನಿಮ್ಮಲ್ಲಿ ಡೆಂಗಿ ಇಲ್ಲವೆಂದು ಬಂದಿದೆ ನಿಜ. ಆದರೆ ಆ ಪರೀಕ್ಷೆ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. 71ರ ವಯಸ್ಸು, ಸರಿಯಾಗಿ ನೀರು ಸೇರದ ಸ್ಥಿತಿ, ಮಂಡಿಯ ಮಾತ್ರೆಯಲ್ಲಿ ಮೊದಲೇ ಅದೇ ಜಾತಿಯ ಅಸೆಕ್ಲೋಫೆನಾಕ್, ಇಷ್ಟಿರುವಾಗ ಐಬುಪ್ರೊಫೆನ್ ಸೇರಿಸಿದರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಹೊರೆ. ಜ್ವರಕ್ಕೆ ಪ್ಯಾರಸಿಟಮಾಲೇ ಸರಿಯಾದ ಔಷಧಿ, ಅದನ್ನು ಒಂದೇ ಹೆಸರಿನಲ್ಲಿ, ಒಂದೇ ಸ್ಟ್ರಿಪ್ಪಿನಿಂದ, ವೈದ್ಯರು ಹೇಳಿದ ಮಿತಿಯಲ್ಲಿ ಕೊಡಬೇಕು. ಆ ಮಿತಿಯನ್ನು ಬಿಡುಗಡೆಯ ಹೊತ್ತಿಗೆ ಕೇಳಿ, ಅಂಕಿಯಲ್ಲೇ ಬರೆಸಿಕೊಳ್ಳಿ. "ಜ್ವರ ಬಂದರೆ ಕೊಡಿ" ಎಂಬಷ್ಟು ಸಾಲದು.

ನನ್ನ ಅಭಿಪ್ರಾಯ ಕೇಳಿದರೆ, ವೈದ್ಯರು ಬೇರೆ ಹೇಳದಿದ್ದಾಗ ಯಾರಿಗೇ ಆಗಲಿ ಮನೆಯಲ್ಲಿ 3000 ದಾಟಬಾರದು. 4000 ಎಂಬ ಅಂಕಿ ಜನರ ಬಾಯಲ್ಲಿ ಇರುವುದೇ ತೊಂದರೆ, ಅದನ್ನು ಎಲ್ಲರೂ ಗುರಿಯಂತೆ ಬಳಸುತ್ತಾರೆ.

ಮದ್ದಿನಂಗಡಿ | ಗುರುವಾರ, ಸಂಜೆ 7:20

ಇಲ್ಲಿ ನಾನು ಅಕ್ಕನವರಷ್ಟು ದೂರ ಹೋಗಲಾರೆ. ಎಪ್ಪತ್ತು ಕಿಲೋ ತೂಗುವ, ಊಟ ಮಾಡುವ, ಯಕೃತ್ತಿನ ತೊಂದರೆಯಿಲ್ಲದ ಮನುಷ್ಯನಿಗೆ ಎರಡು ಮೂರು ದಿನದ ಮಟ್ಟಿಗೆ 4000 ಎಂಬುದು ತಪ್ಪಲ್ಲ, ಅದನ್ನು ತಪ್ಪೆಂದರೆ ಜನ ಹೆದರಿ, ಆಮೇಲೆ ನೀವೇ ಬೇಡವೆಂದ ಐಬುಪ್ರೊಫೆನ್ ಕಡೆಗೆ ಹೋಗುತ್ತಾರೆ. ನನ್ನ ಪ್ರಕಾರ ತೂಕ ನೋಡುವುದೇ ನ್ಯಾಯ. ಒಂದು ಸಲಕ್ಕೆ ಕಿಲೋಗೆ 15, ದಿನಕ್ಕೆ ಕಿಲೋಗೆ 60 ಎಂದು ಹಿಡಿದರೆ ಸಾಗರದ ಅಮ್ಮನವರಿಗೆ ಒಂದು ಸಲಕ್ಕೆ 690, ದಿನಕ್ಕೆ 2760 ಬರುತ್ತದೆ. ಅದೂ ಯಕೃತ್ತು ಸರಿಯಿದ್ದಾಗಿನ ಮಾತು. ಈ ವಾರ ಅವರಿಗೆ ಇನ್ನೂ ಕಡಿಮೆ ಇರಬೇಕು, ಎಷ್ಟೆಂಬುದನ್ನು ಎದುರಿಗಿರುವ ವೈದ್ಯರೇ ಹೇಳಬೇಕು.

ನೆಗಡಿಗೆ ಬಗೆಬಗೆಯ ಔಷಧಿ ತುಂಬಿದ ಒಂದೇ ಮಾತ್ರೆಯ ಬದಲು ಯಾವ ತೊಂದರೆ ಇದೆಯೋ ಅದಕ್ಕಷ್ಟೇ ಇರುವುದನ್ನು ಕೇಳಿ ಪಡೆಯಿರಿ. ಮೂಗು ಸೋರುವುದಕ್ಕೆ ಪ್ಯಾರಸಿಟಮಾಲ್ ಇಲ್ಲದ ಅಲರ್ಜಿಯ ಮಾತ್ರೆಗಳಿವೆ, ಮೂಗು ಕಟ್ಟಿದ್ದಕ್ಕೆ ಉಪ್ಪುನೀರಿನ ಹನಿಗಳಿವೆ. ಅಂಗಡಿಯಲ್ಲಿ "ನೆಗಡಿಗೆ ಮಾತ್ರೆ ಕೊಡಿ" ಎಂದರೆ ನಮ್ಮ ಕೈ ತಾನಾಗಿಯೇ ಕೂಡುಮಾತ್ರೆಯ ಕಪಾಟಿಗೆ ಹೋಗುತ್ತದೆ. "ಮನೆಯಲ್ಲಿ 650 ನಡೆಯುತ್ತಿದೆ, ಪ್ಯಾರಸಿಟಮಾಲ್ ಇಲ್ಲದ್ದು ಬೇಕು" ಎಂದು ಕೇಳಿದರೆ ಅದೇ ಕೈ ಬೇರೆ ಕಪಾಟಿಗೆ ಹೋಗುತ್ತದೆ.

ಎಡಿಸನ್‌ವಾಸಿ | ಗುರುವಾರ, ರಾತ್ರಿ 8:10

3000 ಮತ್ತು 4000ದ ಚರ್ಚೆಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ 500ರ ಟೈಲೆನಾಲ್ ತಯಾರಿಸುವವರು 2011ರಲ್ಲಿ ಡಬ್ಬಿಯ ಮೇಲಿನ ದಿನದ ಗರಿಷ್ಠವನ್ನು 4000ದಿಂದ 3000ಕ್ಕೆ ಇಳಿಸಿದರು. ಜನ ಒಂದಕ್ಕಿಂತ ಹೆಚ್ಚು ಔಷಧಿ ಬಳಸುವುದರಿಂದ ಅರಿಯದೆ ಮಿತಿ ದಾಟುತ್ತಾರೆ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಆದರೆ ನಮ್ಮ ಕುಟುಂಬ ವೈದ್ಯರು ನನಗೆ ಈಗಲೂ 4000 ಎಂದೇ ಹೇಳುತ್ತಾರೆ. ಯಾರ ಮಾತು ಹಿಡಿಯುವುದೋ ತಿಳಿಯದು, ನಾನಂತೂ 3000ಕ್ಕೆ ನಿಲ್ಲುತ್ತೇನೆ.

ಲೆಕ್ಕದ ಮೇಷ್ಟ್ರು | ಗುರುವಾರ, ರಾತ್ರಿ 8:45

ನಾನು ತೂಕದ ಪಕ್ಷ. ನನ್ನದು 58 ಕಿಲೋ, ಆ ಲೆಕ್ಕದಲ್ಲಿ 3480 ಬಂತು. ಆದರೆ ಇನ್ನೊಂದು ಸಮಸ್ಯೆ ಉಳಿಯಿತು. ನಮ್ಮ ಹಳ್ಳಿಯ ಕ್ಲಿನಿಕ್ಕಿನಲ್ಲಿ ಮಾತ್ರೆಗಳನ್ನು ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ 1-0-1 ಎಂದಷ್ಟೇ ಬರೆದು ಕೊಡುತ್ತಾರೆ. ಬಿಳಿಯದೊಂದು, ಹಳದಿಯದೊಂದು, ಅರ್ಧ ಮಾಡಿದ ಗುಲಾಬಿಯದೊಂದು. ಇದರಲ್ಲಿ ಪ್ಯಾರಸಿಟಮಾಲ್ ಯಾವುದೆಂದು ಮೂರನೆಯ ಕಾಲಂನಲ್ಲಿ ಏನು ಬರೆಯಲಿ?

ರಾತ್ರಿ ಪಾಳಿ | ಗುರುವಾರ, ರಾತ್ರಿ 9:00

ಮೇಷ್ಟ್ರೇ, ಅಲ್ಲಿ ಕೂತಿದ್ದಾಗಲೇ ಕೇಳಬೇಕು: "ಇದರಲ್ಲಿ ಜ್ವರದ್ದು ಯಾವುದು, ಎಷ್ಟರದ್ದು?" ಕಾಂಪೌಂಡರಿಗೆ ಗೊತ್ತಿರುತ್ತದೆ, ಪೊಟ್ಟಣದ ಮೇಲೆ ಬರೆಸಿಕೊಳ್ಳಿ. ಕೇಳದೆ ಮನೆಗೆ ಬಂದಿದ್ದರೆ, ಆ ಪೊಟ್ಟಣ ಮುಗಿಯುವವರೆಗೆ ಅಂಗಡಿಯ ಬೇರೆ ಯಾವ ಜ್ವರದ, ನೆಗಡಿಯ, ತಲೆನೋವಿನ ಮಾತ್ರೆಯನ್ನೂ ಸೇರಿಸಬೇಡಿ. ಸ್ಟ್ರಿಪ್ ಕೊಟ್ಟರೂ ಕತ್ತರಿಸುವಾಗ ಹೆಸರಿರುವ ಭಾಗ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಆ ಭಾಗವೇ ನಿಮ್ಮ ತುಂಡಿನಲ್ಲಿ ಬರುವಂತೆ ಕತ್ತರಿಸಲು ಹೇಳಿ, ಮಾತ್ರೆ ತೆಗೆಯುವಾಗ ಹೆಸರಿಲ್ಲದ ತುದಿಯಿಂದ ತೆಗೆಯಿರಿ.

ಸಾಗರದ ಮಗಳು | ಶನಿವಾರ, ಮಧ್ಯಾಹ್ನ 12:15

ನಿನ್ನೆ ಸಂಜೆ ಮನೆಗೆ ಬಂದೆವು. ಬಿಡುಗಡೆಯ ಹೊತ್ತಿಗೆ ಎಎಲ್‌ಟಿ ಇಳಿಯತೊಡಗಿತ್ತು, ಒಂದು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಜ್ವರ ಬಂದರೆ 500ರ ಮಾತ್ರೆ, ಆರು ಗಂಟೆಗೊಮ್ಮೆಗಿಂತ ಹೆಚ್ಚಿಲ್ಲ, 24 ಗಂಟೆಯಲ್ಲಿ ಮೂರು ಮಾತ್ರ ಎಂದು ಬರೆದುಕೊಟ್ಟಿದ್ದಾರೆ. ಮಂಡಿಯ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ನೆಗಡಿಯ ಮಾತ್ರೆ ಬೇಡವೆಂದರು, ಅಮ್ಮನಿಗೆ ಉಪ್ಪುನೀರಿನ ಹನಿಯಲ್ಲೇ ಮೂಗು ಬಿಟ್ಟಿದೆ.

ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿ ಪಕ್ಕದಲ್ಲಿ ಪೆನ್ನನ್ನು ದಾರದಿಂದ ಕಟ್ಟಿದ್ದೇನೆ. ಮಾತ್ರೆಯ ಡಬ್ಬಿಯನ್ನು ಅಪ್ಪನ ಮಂಚದ ಪಕ್ಕದಿಂದ ತೆಗೆದು ಆ ಹಾಳೆಯ ಕೆಳಗೇ ಇಟ್ಟಿದ್ದೇನೆ, ರಾತ್ರಿ ಎರಡು ಗಂಟೆಗೆ ಎದ್ದರೂ ಹಾಳೆಯ ಮುಂದೆ ನಿಂತೇ ಮಾತ್ರೆ ತೆಗೆಯಬೇಕು. ಅಪ್ಪನಿಗೆ ಮಿಲಿಗ್ರಾಂ ಬರೆಯುವುದು ಬೇಸರ, ಒಂದು ಅಡ್ಡಗೆರೆ ಎಳೆದು ವೇಳೆ ಬರೆಯುತ್ತಾರೆ. ಮನೆಯಲ್ಲೀಗ ಒಂದೇ ಬಗೆಯ ಪ್ಯಾರಸಿಟಮಾಲ್ ಇರುವುದರಿಂದ ಅಷ್ಟು ಸಾಕೆಂದುಕೊಂಡಿದ್ದೇನೆ.

ಡಬ್ಬಿ ಖಾಲಿ ಮಾಡುವಾಗ ಕತ್ತರಿಸಿದ ಸ್ಟ್ರಿಪ್ಪಿನ ಒಂದು ತುಂಡು ಸಿಕ್ಕಿತು. ಎರಡು ಬಿಳಿ ಮಾತ್ರೆಗಳಿವೆ, ಹೆಸರಿನಲ್ಲಿ ಕೊನೆಯ ಎರಡಕ್ಷರ ಮಾತ್ರ ಉಳಿದಿದೆ. ತಲೆನೋವಿಗೆಂದು ಯಾವಾಗಲೋ ತಂದದ್ದು ಎಂದು ಅಪ್ಪ ಹೇಳುತ್ತಾರೆ, ಅಲ್ಲ ಹಲ್ಲುನೋವಿಗೆ ಎಂದು ಅಮ್ಮ. ಸೋಮವಾರ ಮೆಡಿಕಲ್ ಶಾಪಿಗೆ ತೆಗೆದುಕೊಂಡು ಹೋಗಿ ತೋರಿಸುತ್ತೇನೆ, ಅವರಿಗೂ ಗುರುತು ಹತ್ತದಿದ್ದರೆ ಅಲ್ಲಿಯೇ ಕೊಟ್ಟು ಬರುತ್ತೇನೆ.